ಐದು ಕೋರ್ಸ್ ಊಟ: ಪ್ಲೇಟ್ ಇಡುವುದು ಯಾವ ಕಡೆಯಿಂದ, ತೆಗೆಯುವುದು ಯಾವ ಕಡೆಯಿಂದ?

ಮಂಗಳೂರು ಟ್ರೈನಿ
ಎಲ್ಲರಿಗೂ ನಮಸ್ಕಾರ. ಹೋಟೆಲ್ ಮ್ಯಾನೇಜ್‌ಮೆಂಟ್ ಕೊನೆಯ ವರ್ಷ ಓದುತ್ತಿದ್ದೇನೆ. ಈಗ ಬೆಂಗಳೂರಿನ ಒಂದು ಹೋಟೆಲಿನ ಬ್ಯಾಂಕ್ವೆಟ್ ವಿಭಾಗದಲ್ಲಿ ಟ್ರೈನಿಂಗ್. ಮುಂದಿನ ವಾರ ಒಂದು ಸಿಟ್‌ಡೌನ್ ಡಿನ್ನರ್ ಇದೆ. ದುಂಡು ಟೇಬಲ್, ಹತ್ತು ಜನ. ಸೂಪ್, ಮೀನು, ಸಾರ್ಬೆ ಅನ್ನೋ ಹಣ್ಣಿನ ಐಸ್, ಕೋಳಿ, ಸಿಹಿ, ಆಮೇಲೆ ಕಾಫಿ. ಎಲ್ಲವೂ ಅಡುಗೆಮನೆಯಲ್ಲೇ ಪ್ಲೇಟ್‌ಗೆ ಹಾಕಿ ಬರುತ್ತದೆ. ಹತ್ತರಲ್ಲಿ ಇಬ್ಬರು ವೆಜ್.

ಕಾಲೇಜಿನಲ್ಲಿ ಪ್ಲೇಟ್ ಬಲಗಡೆಯಿಂದ ಇಡಬೇಕು ಅಂತ ಹೇಳಿಕೊಟ್ಟಿದ್ದಾರೆ. ಇಲ್ಲಿ ಒಬ್ಬ ಸೀನಿಯರ್ ಎಡಗಡೆಯಿಂದ ಇಡು, ಬಲಗಡೆಯಿಂದ ತೆಗಿ ಅಂತಾರೆ. ಯಾವುದು ಸರಿ?

ಇನ್ನೊಂದು ಕೇಳಬೇಕಿತ್ತು. ಕ್ಲಿಯರ್ ಮಾಡುವಾಗ ಒಂದೇ ಕೈಯಲ್ಲಿ ಮೂರು ನಾಲ್ಕು ಪ್ಲೇಟ್ ಹಿಡಿಯಬೇಕು. ಪ್ರಾಕ್ಟೀಸ್ ಮಾಡುವಾಗ ನಮ್ಮ ಬ್ಯಾಚಿನ ಅರ್ಧ ಜನರ ಕೈಯಿಂದ ಚಾಕು ಜಾರುತ್ತೆ. ಅತಿಥಿಗಳಿಗೆ ತೊಂದರೆ ಆಗದ ಹಾಗೆ, ಸದ್ದಿಲ್ಲದೆ ಮಾಡೋದು ಹೇಗೆ? ಅನುಭವ ಇದ್ದವರು ದಯವಿಟ್ಟು ಹೇಳಿ.

ರೂಲ್ಸ್ ರಾಯ
ಇದರಲ್ಲಿ ಚರ್ಚೆ ಮಾಡೋಕೆ ಏನೂ ಇಲ್ಲ. ಎಡದಿಂದ ಬಡಿಸು, ಬಲದಿಂದ ತೆಗಿ. ಪ್ರಪಂಚದಲ್ಲೆಲ್ಲ ಇದೇ ನಿಯಮ. ನಿಮ್ಮ ಸೀನಿಯರ್ ಹೇಳಿದ್ದೇ ಸರಿ.

ಬಾಳೆಎಲೆ
ನಮ್ಮ ಕಡೆ ಪಂಕ್ತಿ ಊಟದಲ್ಲಿ ಇದಕ್ಕಿಂತ ಶಿಸ್ತು ಇದೆ. ಎಲೆಯ ತುದಿ ಉಣ್ಣುವವರ ಎಡಕ್ಕೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಡಗಡೆ. ಪಲ್ಯ ಬಲಗಡೆ. ಬಡಿಸುವವರು ಎದುರಿನಿಂದ ಸಾಲಾಗಿ ಬರುತ್ತಾರೆ. ಎಲ್ಲರೂ ಏಳುವವರೆಗೆ ಎಲೆ ಎತ್ತುವ ಮಾತೇ ಇಲ್ಲ. ಇದನ್ನೂ ನಿಮ್ಮ ಕಾಲೇಜಿನಲ್ಲಿ ಕಲಿಸಬೇಕು.

ಮಂಗಳೂರು ಟ್ರೈನಿ
@ಬಾಳೆಎಲೆ ನಮ್ಮ ಮನೆಯಲ್ಲೂ ಹಾಗೇ ಸರ್. ಆದರೆ ಅಲ್ಲಿ ನಾವು ಎದುರಿಗೆ ನಿಂತು ಬಡಿಸುತ್ತೇವೆ. ಇಲ್ಲಿ ಬೆನ್ನ ಹಿಂದಿನಿಂದ ಹೋಗಬೇಕು, ತೊಂದರೆ ಶುರುವಾಗೋದೇ ಅಲ್ಲಿ.

ಹಳೇ ಕ್ಯಾಪ್ಟನ್
ತಮ್ಮಾ, ನಿಮ್ಮ ಕಾಲೇಜು ಹೇಳಿದ್ದು ಸರಿ. ಸೀನಿಯರ್ ಹೇಳಿದ್ದು ಬೇರೆ ಥರದ ಸರ್ವಿಸ್‌ಗೆ ಸರಿ. ನಾನು ಮುಂಬೈಯಲ್ಲಿ, ಆಮೇಲೆ ಕ್ರೂಸ್ ಹಡಗಿನಲ್ಲಿ ಬ್ಯಾಂಕ್ವೆಟ್ ಕ್ಯಾಪ್ಟನ್ ಆಗಿದ್ದೆ. ಕಡೆ ಯಾವುದು ಅಂತ ಬಾಯಿಪಾಠ ಮಾಡಬೇಡಿ, ಕೈ ಎಲ್ಲಿ ಹೋಗುತ್ತೆ ಅಂತ ನೋಡಿ.

ಅತಿಥಿಯ ಬಲಗಡೆ ನಿಂತುಕೊಳ್ಳಿ. ಅವರು ಈಗ ನಿಮ್ಮ ಎಡಕ್ಕಿದ್ದಾರೆ. ಬಲಗೈಯಲ್ಲಿ ಪ್ಲೇಟ್ ಇಟ್ಟರೆ ತೋಳು ಅವರ ಮುಂದೆ ತೆರೆದುಕೊಳ್ಳುತ್ತೆ, ಮುಖಕ್ಕೆ ಏನೂ ಅಡ್ಡ ಬರಲ್ಲ. ಅದೇ ಜಾಗದಲ್ಲಿ ನಿಂತು ಎಡಗೈ ಚಾಚಿ ನೋಡಿ. ಮೊಣಕೈ ನೇರವಾಗಿ ಅವರ ಮೂಗಿನ ಹತ್ತಿರ ಬರುತ್ತೆ. ಹಾಗಾಗಿ ಅತಿಥಿಯಿಂದ ದೂರ ಇರುವ ಕೈ ಯಾವುದೋ, ಆ ಕೈಯೇ ಒಳಗೆ ಹೋಗಬೇಕು.

ಬಲಗಡೆಯಿಂದ ಕೆಲಸ ಮಾಡುವಾಗ ಟೇಬಲ್ ಸುತ್ತ ದೇವಸ್ಥಾನದ ಪ್ರದಕ್ಷಿಣೆ ಥರ ನಡೆಯಿರಿ. ಟೇಬಲ್ ಯಾವಾಗಲೂ ನಿಮ್ಮ ಬಲಕ್ಕೆ. ಬಲಗೈ ಟೇಬಲ್ ಕಡೆ, ಉಳಿದ ಪ್ಲೇಟ್ ಹಿಡಿದ ಎಡಗೈ ಹೊರಗೆ, ಅತಿಥಿಯ ಬೆನ್ನ ಹಿಂದೆ. ಮುಂದಕ್ಕೆ ನಡೆದುಕೊಂಡೇ ಹೋಗಬಹುದು. ಉಲ್ಟಾ ತಿರುಗಿದರೆ ಪ್ಲೇಟ್‌ಗಳ ಭಾರವೆಲ್ಲ ಟೇಬಲ್ ಕಡೆ ಬಂದು ಜನರ ತಲೆಯ ಮೇಲೆ ತೂಗಾಡುತ್ತೆ. ಇಡುವುದು, ತೆಗೆಯುವುದು ಎರಡೂ ಬಲದಿಂದ ಇರೋದು ಇದಕ್ಕೇ.

ಇನ್ನು ಎಡದ ಮಾತು. ಸಿಲ್ವರ್ ಸರ್ವಿಸ್‌ನಲ್ಲಿ ಖಾಲಿ ಪ್ಲೇಟ್ ಮೊದಲೇ ಮುಂದಿರುತ್ತೆ. ನಾವು ದೊಡ್ಡ ತಟ್ಟೆಯನ್ನು ಎಡಗೈ ಮೇಲೆ ಇಟ್ಟುಕೊಂಡು, ಬಲಗೈಯ ಸ್ಪೂನ್ ಫೋರ್ಕ್‌ನಲ್ಲಿ ಬಡಿಸುತ್ತೇವೆ. ಆಗ ತಟ್ಟೆ ಅವರ ಪ್ಲೇಟ್‌ಗೆ ಹತ್ತಿರ ಬರಬೇಕು. ಎಡಗಡೆ ನಿಂತರೆ ಮಾತ್ರ ಅದು ಆಗುತ್ತೆ. ನಡೆಯುವ ದಿಕ್ಕೂ ಉಲ್ಟಾ. ನಿಮ್ಮದು ಪ್ಲೇಟ್ ಆಗಿ ಬರುವ ಊಟ, ಅದಕ್ಕೆ ಬಲ.

ರೂಲ್ಸ್ ರಾಯ
ಸರ್, ಅಮೆರಿಕದಲ್ಲಿ ಪ್ಲೇಟ್ ಆಗಿ ಬಂದ ಊಟವನ್ನೂ ಎಡದಿಂದ ಇಡುತ್ತಾರೆ. ನಾನು ಅಲ್ಲಿ ಊಟಕ್ಕೆ ಕೂತು ಕಣ್ಣಾರೆ ನೋಡಿದ್ದೇನೆ. ಸುಮ್ನೆ ಹೇಳ್ತಿಲ್ಲ.

ಹಳೇ ಕ್ಯಾಪ್ಟನ್
ಹೌದು, ಅಲ್ಲಿ ಆ ಪದ್ಧತಿ ಇದೆ. ಊಟ ಎಡದಿಂದ, ಪಾನೀಯ ಬಲದಿಂದ, ತೆಗೆಯುವುದು ಬಲದಿಂದ. ತಪ್ಪೇನಲ್ಲ. ಎಡಗಡೆಯಿಂದ ಇಟ್ಟರೆ ಎಡಗೈಯಲ್ಲಿ ಇಡಬೇಕು, ಅಷ್ಟೇ. "ಪ್ರಪಂಚದಲ್ಲೆಲ್ಲ ಇದೇ" ಅಂದಿದ್ದನ್ನು ಮಾತ್ರ ನಾನು ಒಪ್ಪಲ್ಲ. ಒಂದು ಹಾಲ್‌ನಲ್ಲಿ ಒಂದೇ ಪದ್ಧತಿ ನಡೆಯಬೇಕು. ಅರ್ಧ ಸ್ಟಾಫ್ ಎಡದಿಂದ, ಅರ್ಧ ಬಲದಿಂದ ಹೋದರೆ ಎರಡು ಕುರ್ಚಿಗಳ ನಡುವೆ ಒಬ್ಬರಿಗೊಬ್ಬರು ಡಿಕ್ಕಿ. ಟ್ರೈನಿ, ಬ್ರೀಫಿಂಗ್‌ನಲ್ಲಿ ನಿಮ್ಮ ಕ್ಯಾಪ್ಟನ್ ಏನು ಹೇಳ್ತಾರೋ ಆ ದಿನ ಅದೇ ಮಾಡಿ.

ದುಬೈ ಕನ್ನಡಿಗ
ಕ್ಯಾಪ್ಟನ್ ಸರ್ ಹೇಳಿದ ಕೈ ಲೆಕ್ಕ ನೂರಕ್ಕೆ ನೂರು ನಿಜ. ಗ್ಲಾಸ್ ಇರೋದು ಬಲಕ್ಕೆ, ಹಾಗಾಗಿ ನೀರು, ವೈನ್, ಕಾಫಿ ಎಲ್ಲ ಬಲದಿಂದ. ಸೈಡ್ ಪ್ಲೇಟ್ ಇರೋದು ಫೋರ್ಕ್‌ಗಳ ಎಡಕ್ಕೆ, ಅದನ್ನು ಎಡದಿಂದ ತೆಗೆಯಬೇಕು. ಬಲಗಡೆ ನಿಂತು ಬ್ರೆಡ್ ಪ್ಲೇಟ್‌ಗೆ ಕೈ ಹಾಕಿದರೆ ಅತಿಥಿಯ ಎದೆಯ ಮುಂದೆ ಪೂರ್ತಿ ಅಡ್ಡ ಬರ್ತೀರಿ.

ಗೋಡೆ ಪಕ್ಕದ ಸೋಫಾದಲ್ಲಿ ಕೂತವರಿಗೆ ಯಾವ ಕಡೆಯೂ ಸಿಗಲ್ಲ. ಅಲ್ಲಿ ಸಿಕ್ಕ ಕಡೆಯಿಂದ, ಆದರೆ ದೂರದ ಕೈಯಿಂದ.

ಮಲ್ಲೇಶ್ವರಂ ಮನೆ
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಮನೆಯಲ್ಲಿ ಆರು ಜನಕ್ಕೆ ಇದೇ ಥರ ಊಟ ಇಟ್ಟುಕೊಂಡಿದ್ದೇನೆ, ಮಗಳ ಅತ್ತೆ ಮಾವ ಹೊರದೇಶದಿಂದ ಬರ್ತಿದ್ದಾರೆ. ಸೂಪ್, ಒಂದು ಮುಖ್ಯ ಪ್ಲೇಟ್, ಸಿಹಿ. ಅಷ್ಟೊಂದು ಚಮಚ ಫೋರ್ಕ್ ಯಾವ ಕ್ರಮದಲ್ಲಿ ಇಡಬೇಕು?

ದುಬೈ ಕನ್ನಡಿಗ
ಅಕ್ಕಾ, ನೀವು ಬಡಿಸುವುದಕ್ಕೆ ಬೇಕಾದಷ್ಟನ್ನೇ ಇಡಿ. ಮೊದಲು ಬಳಸುವುದು ಹೊರಗಡೆ, ಕೊನೆಗೆ ಬಳಸುವುದು ಪ್ಲೇಟ್ ಪಕ್ಕ. ನಿಮಗೆ ಬಲಗಡೆ ಹೊರಗೆ ಸೂಪ್ ಸ್ಪೂನ್, ಒಳಗೆ ಚಾಕು. ಚಾಕುವಿನ ಅಲಗು ಪ್ಲೇಟ್ ಕಡೆ ತಿರುಗಿರಲಿ. ಎಡಗಡೆ ಒಂದೇ ಫೋರ್ಕ್. ಸಿಹಿಯ ಸ್ಪೂನ್, ಫೋರ್ಕ್ ಪ್ಲೇಟ್‌ನ ಮೇಲ್ಗಡೆ ಅಡ್ಡಕ್ಕೆ. ಆರು ಜನಕ್ಕೆ ಮೂರು ಪ್ಲೇಟ್ ಹಿಡಿಯೋ ಸಾಹಸ ಬೇಡ. ಒಂದು ಕೈಗೆ ಒಂದರಂತೆ ಎರಡೆರಡು ತೆಗೆದುಕೊಂಡು ಹೋಗಿ.

ಮಲ್ಲೇಶ್ವರಂ ಮನೆ
ಅಷ್ಟೇನಾ! ನಾನು ಇಡೀ ಡಬ್ಬ ಹೊರಗೆ ತೆಗೆದಿದ್ದೆ. ಥ್ಯಾಂಕ್ಸ್ ಅಪ್ಪಾ.

ಹಳೇ ಕ್ಯಾಪ್ಟನ್
ಟ್ರೈನಿಯ ಮೆನುಗೆ ಬರೋಣ. ಬಲಗಡೆ ಹೊರಗಿನಿಂದ ಸೂಪ್ ಸ್ಪೂನ್, ಮೀನಿನ ಚಾಕು, ದೊಡ್ಡ ಚಾಕು. ಎಡಗಡೆ ಹೊರಗಿನಿಂದ ಮೀನಿನ ಫೋರ್ಕ್, ದೊಡ್ಡ ಫೋರ್ಕ್, ಅದರಾಚೆ ಸೈಡ್ ಪ್ಲೇಟ್ ಮತ್ತು ಬೆಣ್ಣೆ ಚಾಕು. ಸಾರ್ಬೆಗೆ ಟೇಬಲ್ ಮೇಲೆ ಏನೂ ಇಡಬೇಡಿ. ಅದರ ಚಿಕ್ಕ ಸ್ಪೂನ್ ಅಂಡರ್‌ಪ್ಲೇಟ್ ಮೇಲೇ ಬರುತ್ತೆ, ಅದರ ಜೊತೆಗೇ ವಾಪಸ್ ಹೋಗುತ್ತೆ. ಒಬ್ಬರಿಗೆ ಸುಮಾರು 60 ಸೆಂ.ಮೀ. ಅಗಲ ಬೇಕು. ಅದಕ್ಕಿಂತ ಕಡಿಮೆ ಇದ್ದರೆ ಎಷ್ಟೇ ಚೆನ್ನಾಗಿ ಕಲಿತಿದ್ದರೂ ಮೊಣಕೈ ತಾಗುತ್ತೆ.

ನಿಮ್ಮ ಟೇಬಲ್‌ನಲ್ಲಿ ಇಬ್ಬರು ವೆಜ್ ಇದ್ದಾರೆ ಅಂದ್ರಲ್ಲ, ಅಲ್ಲಿ ಹುಷಾರು. ಅವರ ಮುಂದೆ ಮೀನಿನ ಚಾಕು ಇದ್ದು, ಬಂದದ್ದು ಪನೀರ್ ಆದರೆ ಅವರು ಮುಜುಗರ ಪಡುತ್ತಾರೆ. ಯಾರು ವೆಜ್ ಅಂತ ಸೀಟ್ ನಂಬರ್ ಮೊದಲೇ ಗೊತ್ತಿದ್ದರೆ ಜನ ಕೂರುವ ಮುಂಚೆಯೇ ಬದಲಿಸಿಡಿ. ಗೊತ್ತಿಲ್ಲದಿದ್ದರೆ ಸೂಪ್ ಬೌಲ್ ತೆಗೆದ ಮೇಲೆ, ಮೀನು ಬರುವ ಮುಂಚೆ ಬದಲಿಸಬೇಕು. ಒಂದು ಪ್ಲೇಟ್ ಮೇಲೆ ಮಡಿಸಿದ ನ್ಯಾಪ್ಕಿನ್, ಅದರ ಮೇಲೆ ಚಿಕ್ಕ ಚಾಕು, ಚಿಕ್ಕ ಫೋರ್ಕ್. ಬಲಕ್ಕೆ ಹೋಗಿ ಮೀನಿನ ಚಾಕು ತೆಗೆದು ಚಿಕ್ಕ ಚಾಕು ಇಡಿ. ಹಿಂದಿನಿಂದ ಸುತ್ತಿ ಎಡಕ್ಕೆ ಬಂದು ಫೋರ್ಕ್ ಬದಲಿಸಿ. ನಿಂತಲ್ಲಿಂದಲೇ ಅಡ್ಡ ಕೈ ಹಾಕಬೇಡಿ. ಕೈಯಲ್ಲಿ ಬರಿದಾಗಿ ಚಾಕು ಹಿಡಿದು ನಡೆಯಲೂಬೇಡಿ. ಹಿಡಿಯುವುದು ಯಾವಾಗಲೂ ಹಿಡಿಕೆಯಲ್ಲಿ. ಬಾಯಿಗೆ ಹೋಗುವ ಭಾಗಕ್ಕೆ ಬೆರಳು ತಾಗಬಾರದು.

ಧಾರವಾಡ ಪೇಡಾ
ಅಲ್ರೀ, ಜನರೇ ತಪ್ಪು ಫೋರ್ಕ್ ತಗೊಂಡ್ರೆ ಏನ್ ಮಾಡೋದು? ನಮ್ಮ ಕಡೆ ಮದುವೆ ರಿಸೆಪ್ಷನ್‌ನಲ್ಲಿ ಅರ್ಧ ಜನ ಮೊದಲು ಕೈಗೆ ಸಿಕ್ಕಿದ್ದನ್ನೇ ತಗೋತಾರೆ.

ಹಳೇ ಕ್ಯಾಪ್ಟನ್
ಏನೂ ಹೇಳಬಾರದು. ಅವರು ಮೀನನ್ನು ದೊಡ್ಡ ಫೋರ್ಕ್‌ನಲ್ಲಿ ತಿಂದರೆ, ಪ್ಲೇಟ್ ತೆಗೆಯುವಾಗ ಅದರ ಜೊತೆ ಉಳಿದ ಮೀನಿನ ಫೋರ್ಕ್ ಕೂಡ ತೆಗೆದುಬಿಡಿ. ಕೋಳಿ ಬರುವ ಮುಂಚೆ ದೊಡ್ಡ ಫೋರ್ಕ್ ಹೊಸದು ತಂದಿಡಿ. ಪಕ್ಕದವರಿಗೂ ಗೊತ್ತಾಗಬಾರದು. ಹೆಚ್ಚುವರಿ ಸೆಟ್ ಸೈಡ್‌ಬೋರ್ಡ್‌ನಲ್ಲಿ ಯಾವಾಗಲೂ ಇರಬೇಕು.

ಮಂಗಳೂರು ಟ್ರೈನಿ
ಇದನ್ನು ನಮಗೆ ಯಾರೂ ಹೇಳಿರಲಿಲ್ಲ ಸರ್. ಈಗ ಆ ಮೂರು ಪ್ಲೇಟ್ ವಿಷಯ ಹೇಳಿ. ಚಾಕು ಯಾಕೆ ಜಾರುತ್ತೆ?

ಹಳೇ ಕ್ಯಾಪ್ಟನ್
ಮೊದಲ ಪ್ಲೇಟ್ ಸರಿಯಾಗಿ ಹಿಡಿಯದೇ ಇದ್ದರೆ ಜಾರುತ್ತೆ. ಕೋಳಿ ಪ್ಲೇಟ್ ತೆಗೆಯೋದನ್ನೇ ತಗೊಳ್ಳೋಣ.

ಮೊದಲ ಅತಿಥಿಯ ಬಲಕ್ಕೆ ಹೋಗಿ, ಬಲಗೈಯಲ್ಲಿ ಪ್ಲೇಟ್ ಎತ್ತಿ. ಎತ್ತಿದ ಮೇಲೆ ಒಂದು ಹೆಜ್ಜೆ ಹಿಂದೆ ಬಂದು, ಟೇಬಲ್‌ನಿಂದ ಸ್ವಲ್ಪ ತಿರುಗಿ. ಮುಂದಿನ ಕೆಲಸವೆಲ್ಲ ಅವರ ಬೆನ್ನ ಹಿಂದೆ. ಪ್ಲೇಟ್ ಎಡಗೈಗೆ ಕೊಡಿ. ತೋರುಬೆರಳು, ನಡುಬೆರಳು ಪ್ಲೇಟ್‌ನ ಅಡಿಯಲ್ಲಿ. ಹೆಬ್ಬೆರಳು ಮೇಲೆ. ಉಂಗುರ ಬೆರಳು, ಕಿರುಬೆರಳು ಅಂಚಿನ ಹೊರಗಿನಿಂದ ಮೇಲಕ್ಕೆ ನಿಂತಿರಲಿ.

ಈಗ ಹೆಬ್ಬೆರಳಿನಿಂದ ಫೋರ್ಕ್‌ನ ಹಿಡಿಕೆಯನ್ನು ಪ್ಲೇಟ್‌ಗೆ ಒತ್ತಿ ಹಿಡಿಯಿರಿ. ಫೋರ್ಕ್‌ನ ಕತ್ತು ಕಮಾನಿನ ಹಾಗೆ ಸ್ವಲ್ಪ ಮೇಲೆದ್ದಿರುತ್ತಲ್ಲ, ಆ ಸಂದಿಯೊಳಗೆ ಚಾಕುವನ್ನು ಅಡ್ಡಕ್ಕೆ ತೂರಿಸಿ. ಒಂದು ಫೋರ್ಕ್ ಒತ್ತಿದ್ದರೆ ಅದರಡಿ ಎಲ್ಲ ಚಾಕುಗಳೂ ನಿಲ್ಲುತ್ತವೆ. ಚಾಕುವನ್ನು ಫೋರ್ಕ್‌ನ ಮೇಲೆ ಇಟ್ಟರೆ ಅದನ್ನು ಹಿಡಿಯೋಕೆ ಏನೂ ಇಲ್ಲ. ನಿಮ್ಮ ಬ್ಯಾಚಿನವರು ಅಲ್ಲೇ ತಪ್ಪುತ್ತಿರಬೇಕು, ನೋಡಿಕೊಳ್ಳಿ.

ಎರಡನೇ ಪ್ಲೇಟ್ ಅದರ ಮೇಲೆ ಪೇರಿಸುವುದಲ್ಲ. ಮೇಲೆ ನಿಂತ ಆ ಎರಡು ಬೆರಳು, ಹೆಬ್ಬೆರಳಿನ ಬುಡ, ಮುಂದೋಳು, ಈ ಮೂರರ ಮೇಲೆ ಕೂರಿಸಿ. ಅದರಲ್ಲಿ ಉಳಿದ ಮೂಳೆ, ತರಕಾರಿಯನ್ನು ಅದರ ಫೋರ್ಕ್‌ನಿಂದಲೇ ಮೊದಲ ಪ್ಲೇಟ್‌ಗೆ ತಳ್ಳಿ. ಚಾಕು ಮತ್ತೆ ಅದೇ ಕಮಾನಿನಡಿ, ಫೋರ್ಕ್ ಮೊದಲ ಫೋರ್ಕ್ ಪಕ್ಕ. ಮೂರನೆಯದು ಎರಡನೆಯದರ ಮೇಲೆ. ಅದರ ಎಂಜಲೂ ಕೆಳಗಿನ ಮೊದಲ ಪ್ಲೇಟ್‌ಗೇ. ಹೀಗೆ ಕೊಳಕೆಲ್ಲ ಒಂದು ಪ್ಲೇಟ್‌ನಲ್ಲಿ, ಸ್ವಚ್ಛ ಪ್ಲೇಟ್‌ಗಳು ಮುಂದೋಳಿನ ಮೇಲೆ.

ಹೊಸಬರು ಮೂರಕ್ಕೇ ನಿಲ್ಲಿಸಿ. ಇಬ್ಬರು ಸ್ಟಾಫ್ ಇದ್ದರೆ ಹತ್ತು ಪ್ಲೇಟ್ ಐದೈದು. ಮೂರು ಒಂದು ಸಲ, ಎರಡು ಇನ್ನೊಂದು ಸಲ. ಐದನ್ನೂ ಒಂದೇ ಸಲ ತರುವ ಹಟ ಬೇಡ.

ಕಿಚನ್ ಕಡೆಯವನು
ನಾನು ಪಾತ್ರೆ ತೊಳೆಯುವ ಕಡೆ ಇದ್ದೆ. ಮೊದಲ ಪ್ಲೇಟ್‌ನಲ್ಲಿ ಎಂಜಲು ಸೇರಿಸಿ ತರುವ ಹುಡುಗರು ಬಂದರೆ ನಮ್ಮ ಅರ್ಧ ಕೆಲಸ ಮುಗಿದ ಹಾಗೆ. ಎಂಜಲು ಇದ್ದಂತೆಯೇ ಪೇರಿಸಿ ತಂದರೆ ಪ್ಲೇಟ್ ಜಾರಿ ಅಲ್ಲೇ ಒಡೆಯುತ್ತೆ. ಅಡಿಯೆಲ್ಲ ಗ್ರೇವಿ.

ರೂಲ್ಸ್ ರಾಯ
ಅತಿಥಿಯ ಹಿಂದೆ ನಿಂತು ಎಂಜಲು ಕೆರೆಯೋದು ಅಸಹ್ಯ ಅಲ್ವಾ? ಟ್ರೇ ತಂದು ಒಂದೊಂದೇ ಪ್ಲೇಟ್ ಇಟ್ಟುಕೊಂಡು ಹೋದರೆ ಆಗಲ್ವಾ?

ದುಬೈ ಕನ್ನಡಿಗ
ರಾಯರ ಈ ಮಾತಿನಲ್ಲಿ ಅರ್ಥ ಇದೆ. ನಾನು ಕೆಲಸ ಮಾಡುವ ಕಡೆ ಗೆಸ್ಟ್ ಹತ್ತಿರ ಎಂಜಲು ತಳ್ಳುವುದನ್ನು ಬಿಟ್ಟೇಬಿಟ್ಟಿದ್ದಾರೆ. ಒಂದು ಕೈಗೆ ಒಂದು, ಹೆಚ್ಚೆಂದರೆ ಎರಡು ಪ್ಲೇಟ್. ಜಾಸ್ತಿ ಜನ ಸ್ಟಾಫ್ ಹಾಕ್ತಾರೆ. ಐದು ಜನ ಒಟ್ಟಿಗೆ ಬಂದು ಹತ್ತು ಪ್ಲೇಟ್ ಎತ್ತಿಕೊಂಡು ಹೋಗ್ತಾರೆ. ನೋಡೋಕೂ ಚೆಂದ, ಸದ್ದೂ ಇಲ್ಲ.

ಹಳೇ ಕ್ಯಾಪ್ಟನ್
ಹತ್ತು ಜನಕ್ಕೆ ಐದು ಸ್ಟಾಫ್ ಕೊಟ್ಟರೆ ನಾನೂ ಹಾಗೇ ಮಾಡಿಸುತ್ತೇನೆ. ಕೊಡುವವರು ಯಾರು? ಇಬ್ಬರೇ ಇದ್ದಾಗ ಮೂರು ಪ್ಲೇಟ್ ಹಿಡಿತ ಬರಲೇಬೇಕು. ಕೆರೆಯುವುದಲ್ಲ, ಒಂದೇ ಸಲ ಮೆಲ್ಲಗೆ ತಳ್ಳುವುದು. ಲೋಹ ಪಿಂಗಾಣಿಗೆ ಉಜ್ಜಿದ ಸದ್ದು ಬಂದರೆ ತುಂಬಾ ಒತ್ತಿದ್ದೀರಿ ಅಂತ ಅರ್ಥ. ಟ್ರೇಯನ್ನು ಟೇಬಲ್ ಹತ್ತಿರ ತರುವುದು ನನಗೆ ಇಷ್ಟ ಇಲ್ಲ. ಇಬ್ಬರ ತಲೆಯ ನಡುವೆ ಅಷ್ಟು ಅಗಲದ ಟ್ರೇ ಹಿಡಿದು ಬಗ್ಗೋದು ಅಪಾಯ.

ಬಾಳೆಎಲೆ
ರಾಷ್ಟ್ರಪತಿ ಭವನದ ಔತಣದಲ್ಲಿ ಹೇಗೆ ಎಲ್ಲರೂ ಒಟ್ಟಿಗೆ ಬಡಿಸಿ ಒಟ್ಟಿಗೆ ತೆಗೀತಾರೆ? ಅಲ್ಲಿ ನೂರಕ್ಕಿಂತ ಜಾಸ್ತಿ ಜನ ಕೂರ್ತಾರೆ.

ದುಬೈ ಕನ್ನಡಿಗ
ಅಲ್ಲಿನ ಬ್ಯಾಂಕ್ವೆಟ್ ಹಾಲ್‌ನಲ್ಲಿ ಒಂದೇ ಉದ್ದನೆಯ ಟೇಬಲ್, 104 ಜನ ಕೂರಬಹುದು. ಗೋಡೆಯ ಮೇಲೆ ಬಣ್ಣದ ದೀಪಗಳಿವೆ. ಯಾವಾಗ ಬಡಿಸಬೇಕು, ಯಾವಾಗ ತೆಗೆಯಬೇಕು ಅಂತ ಬಟ್ಲರ್‌ಗಳಿಗೆ ಆ ದೀಪವೇ ಸೂಚನೆ. ಸಣ್ಣ ಹಾಲ್‌ನಲ್ಲಿ ಆ ಕೆಲಸ ಕ್ಯಾಪ್ಟನ್‌ನ ಕಣ್ಣು ಮಾಡುತ್ತೆ. ಎಲ್ಲರೂ ತಮ್ಮ ಕುರ್ಚಿಯ ಹಿಂದೆ ನಿಂತು ಅವರನ್ನೇ ನೋಡುತ್ತಿರಬೇಕು. ಅವರು ತಲೆ ಆಡಿಸಿದ ಕೂಡಲೇ ಎಲ್ಲರ ಬಲಗೈ ಒಟ್ಟಿಗೆ ಒಳಗೆ.

ಎಡಗೈ ಸ್ಟೀವರ್ಡ್
ನನ್ನದೊಂದು ಪ್ರಶ್ನೆ. ನಾನು ಎಡಚ. ನನ್ನ ಬಲಗೈ ಮೇಲೆ ಪ್ಲೇಟ್ ಚೆನ್ನಾಗಿ ನಿಲ್ಲುತ್ತೆ, ಎಡಗೈಯಲ್ಲಿ ಎತ್ತುವುದು ಸಲೀಸು. ಬಲಗಡೆಯಿಂದ, ಬಲಗೈಯಿಂದ ಅಂದರೆ ನನಗೆ ಎಲ್ಲ ಉಲ್ಟಾ. ನನ್ನ ಹಾಗಿರುವವರು ಎಡದಿಂದ ತೆಗೆಯಬಹುದಾ?

ಹಳೇ ಕ್ಯಾಪ್ಟನ್
ಒಬ್ಬರೇ ಒಂದು ಟೇಬಲ್ ನೋಡಿಕೊಳ್ಳುವುದಾದರೆ ನಾನು ಬಿಡುತ್ತಿದ್ದೆ. ತಂಡದಲ್ಲಿ ಬೇಡ. ಎಲ್ಲರೂ ಒಂದು ದಿಕ್ಕಿನಲ್ಲಿ ನಡೆಯುವಾಗ ನೀವೊಬ್ಬರು ಎದುರಿನಿಂದ ಬರುತ್ತೀರಿ.

ಎಡಗೈ ಸ್ಟೀವರ್ಡ್
ಬಲಗೈಗೆ ಅಭ್ಯಾಸ ಮಾಡಿಕೋ ಅಂತ ಹೇಳೋದು ಸುಲಭ ಸರ್. ಬಿಸಿ ಪ್ಲೇಟ್ ಹಿಡಿದಾಗ ಕೈ ನಡುಗಿದರೆ ಅತಿಥಿಗೇ ಅಪಾಯ ಅಲ್ವಾ? ನನ್ನನ್ನು ಟೇಬಲ್ ಬಿಟ್ಟು ವೈನ್ ಸುರಿಯೋಕೆ ಹಾಕಿದ್ದಾರೆ. ಇದಕ್ಕೆ ಒಳ್ಳೆಯ ದಾರಿ ಇರಲೇಬೇಕು.

ದುಬೈ ಕನ್ನಡಿಗ
ನಮ್ಮಲ್ಲಿ ಇಬ್ಬರು ಎಡಚರಿದ್ದಾರೆ. ಇಡುವುದನ್ನು ಬಲದಿಂದಲೇ ಮಾಡ್ತಾರೆ, ಒಂದೇ ಪ್ಲೇಟ್ ಆದ್ದರಿಂದ ಕಷ್ಟ ಇಲ್ಲ. ಪೇರಿಸುವ ಕೆಲಸ ಬಂದಾಗ ಅವರು ಸೈಡ್ ಪ್ಲೇಟ್‌ಗಳನ್ನು ನೋಡಿಕೊಳ್ತಾರೆ. ಅದು ಹೇಗೂ ಎಡದಿಂದ. ಪೂರ್ತಿ ಪರಿಹಾರ ಅಲ್ಲ, ಆದರೆ ಕೆಲಸ ನಡೆಯುತ್ತೆ.

ಮಂಗಳೂರು ಟ್ರೈನಿ
ಸೈಡ್ ಪ್ಲೇಟ್ ಅಂದಾಗ ನೆನಪಾಯ್ತು. ಸಿಹಿ ಬರುವ ಮುಂಚೆ ಏನೇನು ತೆಗೆಯಬೇಕು?

ಹಳೇ ಕ್ಯಾಪ್ಟನ್
ಕೋಳಿ ಪ್ಲೇಟ್ ಹೋದ ಮೇಲೆ ಸೈಡ್ ಪ್ಲೇಟ್, ಬೆಣ್ಣೆ, ಉಪ್ಪು ಮೆಣಸಿನ ಡಬ್ಬಿ ಎಲ್ಲ ಹೋಗಬೇಕು. ಗ್ಲಾಸ್ ಇರಲಿ. ಆಮೇಲೆ ಬ್ರೆಡ್ ಪುಡಿ. ನ್ಯಾಪ್ಕಿನ್ ಅನ್ನು ದಪ್ಪಗೆ ಮಡಿಸಿ. ಟೇಬಲ್ ಅಂಚಿನ ಸ್ವಲ್ಪ ಕೆಳಗೆ ಒಂದು ಪ್ಲೇಟ್ ಹಿಡಿದು ಪುಡಿಯನ್ನು ಅದಕ್ಕೆ ಸವರಿ. ಪುಡಿ ಅತಿಥಿಯ ಮಡಿಲಿಗೆ ಬೀಳಬಾರದು.

ಎಡಗಡೆಯಿಂದ ಶುರುಮಾಡಿ. ಸವರಿದ ಕೂಡಲೇ ಮೇಲ್ಗಡೆ ಇದ್ದ ಸಿಹಿ ಫೋರ್ಕ್ ಅನ್ನು ಎಡಕ್ಕೆ ಇಳಿಸಿ. ಹಿಂದಿನಿಂದ ಸುತ್ತಿ ಬಲಕ್ಕೆ ಬಂದು ಅಲ್ಲಿ ಸವರಿ, ಸ್ಪೂನ್ ಅನ್ನು ಬಲಕ್ಕೆ ಇಳಿಸಿ. ಫೋರ್ಕ್‌ನ ಹಿಡಿಕೆ ಎಡಕ್ಕೆ, ಸ್ಪೂನ್‌ನ ಹಿಡಿಕೆ ಬಲಕ್ಕೆ ಇಟ್ಟಿರುವುದು ಇದಕ್ಕೇ. ಎರಡೂ ತಮ್ಮ ಕಡೆಗೆ ನೇರವಾಗಿ ಇಳಿಯುತ್ತವೆ.

ಧಾರವಾಡ ಪೇಡಾ
ಒಬ್ಬರು ನಿಧಾನಕ್ಕೆ ಊಟ ಮಾಡ್ತಿದ್ರೆ? ಒಂಬತ್ತು ಜನರ ಖಾಲಿ ಪ್ಲೇಟ್ ಹಾಗೇ ಬಿಡೋದಾ? ನನ್ನ ಮುಂದೆ ಎಂಜಲು ಪ್ಲೇಟ್ ಹತ್ತು ನಿಮಿಷ ಇದ್ದರೆ ನನಗೆ ಸಿಟ್ಟು ಬರುತ್ತೆ ರೀ.

ಹಳೇ ಕ್ಯಾಪ್ಟನ್
ಫಾರ್ಮಲ್ ಊಟದಲ್ಲಿ ಕಾಯಬೇಕು. ಒಂಬತ್ತು ಪ್ಲೇಟ್ ತೆಗೆದುಬಿಟ್ಟರೆ ಉಳಿದ ಒಬ್ಬರಿಗೆ "ಬೇಗ ಮುಗಿಸು" ಅಂತ ಎಲ್ಲರ ಮುಂದೆ ಹೇಳಿದ ಹಾಗೆ. ಚಾಕು ಫೋರ್ಕ್ ಜೋಡಿಯಾಗಿ ಪಕ್ಕಪಕ್ಕ ಇಟ್ಟಿದ್ದಾರಾ ನೋಡಿ. ಬೇರೆ ಬೇರೆ ಇಟ್ಟಿದ್ದರೆ ಇನ್ನೂ ತಿನ್ನುತ್ತಾರೆ. ಅತಿಥಿಯೇ ತೆಗಿ ಅಂದರೆ ಮಾತ್ರ ತೆಗೆಯಿರಿ.

ಕಿಚನ್ ಕಡೆಯವನು
ಸರ್, ನೀವು ಕಾಯ್ತಾ ನಿಂತರೆ ಒಳಗೆ ಕೋಳಿ ಪ್ಲೇಟ್ ಆಗಿ ದೀಪದಡಿ ಒಣಗುತ್ತೆ. ಸಾಸ್ ಮೇಲೆ ಕೆನೆ ಕಟ್ಟುತ್ತೆ. ಬೈಸಿಕೊಳ್ಳೋದು ನಾವು.

ಹಳೇ ಕ್ಯಾಪ್ಟನ್
ಅದಕ್ಕೇ ಒಳಗೆ ಕೂಗುವುದು ಕ್ಯಾಪ್ಟನ್ ಒಬ್ಬರೇ. ಹಿಂದಿನ ಕೋರ್ಸ್ ಪೂರ್ತಿ ತೆಗೆದ ಮೇಲೆ, ಸಾರ್ಬೆ ಟೇಬಲ್‌ಗೆ ಹೋದಾಗ ಪ್ಲೇಟ್ ಹಾಕೋಕೆ ಶುರುಮಾಡಿ ಅಂತ ಹೇಳಬೇಕು. ಸಾರ್ಬೆ ಎರಡು ಚಮಚದ ಮಾತು, ಅಲ್ಲಿ ಯಾರೂ ತಡ ಮಾಡಲ್ಲ.

ಕಿಚನ್ ಕಡೆಯವನು
ಸಾರ್ಬೆ ಇಲ್ಲದ ಮೆನುವಿನಲ್ಲಿ?

ದುಬೈ ಕನ್ನಡಿಗ
ಅಲ್ಲಿ ಜಗಳ ತಪ್ಪಿದ್ದಲ್ಲ. ನಮ್ಮಲ್ಲಿ ಒಂದು ಟೇಬಲ್‌ನಲ್ಲಿ ಇಬ್ಬರಿಗಿಂತ ಕಡಿಮೆ ಜನ ತಿನ್ನುತ್ತಿದ್ದರೆ ಒಳಗೆ ಹೇಳ್ತೀವಿ. ಕೆಲವು ಶೆಫ್‌ಗಳು ಅದನ್ನೂ ಒಪ್ಪಲ್ಲ, ಟೇಬಲ್ ಪೂರ್ತಿ ಖಾಲಿ ಅಂದ ಮೇಲೇ ಪ್ಲೇಟ್ ಮುಟ್ಟೋದು.

ಮಂಗಳೂರು ಟ್ರೈನಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಫೋರ್ಕ್ ಕಮಾನಿನಡಿ ಚಾಕು ತೂರಿಸಿ ಪ್ರಾಕ್ಟೀಸ್ ಮಾಡಿದೆವು, ಒಂದೂ ಬೀಳಲಿಲ್ಲ. ಸೀನಿಯರ್ ಹತ್ತಿರ ಕೇಳಿದೆ, ಅವರು ಮೊದಲು ಇದ್ದ ಕಡೆ ಸಿಲ್ವರ್ ಸರ್ವಿಸ್ ಇತ್ತಂತೆ. ಇನ್ನೊಂದು ಡೌಟ್. ಇಬ್ಬರು ಅತಿಥಿಗಳು ಒಬ್ಬರ ಕಡೆ ಒಬ್ಬರು ವಾಲಿಕೊಂಡು ಮಾತಾಡುತ್ತಿದ್ದರೆ ಬಲಗಡೆ ಜಾಗವೇ ಇರಲ್ಲ. ಆಗ ಎಡದಿಂದ ಇಡಬಹುದಾ, ಅಥವಾ "ಎಕ್ಸ್‌ಕ್ಯೂಸ್ ಮಿ" ಅನ್ನಬೇಕಾ?

ಹಳೇ ಕ್ಯಾಪ್ಟನ್
ಎಡದಿಂದ, ಎಡಗೈಯಲ್ಲಿ ಇಡಿ. ಬಿಸಿ ಪ್ಲೇಟ್ ಆದರೆ ಮಾತ್ರ ಮೊದಲು ಮೆಲ್ಲಗೆ ಹೇಳಿ, ಆಮೇಲೆ ಇಡಿ.

ರೂಲ್ಸ್ ರಾಯ
ನಾನು ಒಪ್ಪಲ್ಲ. ಎರಡು ಕ್ಷಣ ಕಾದರೆ ಅವರೇ ಸರಿದು ಕೂರ್ತಾರೆ. ಹತ್ತರಲ್ಲಿ ಒಬ್ಬರಿಗೆ ಮಾತ್ರ ಬೇರೆ ಕಡೆಯಿಂದ ಬಂದರೆ ಅವರು ಬೆಚ್ಚಿಬೀಳುತ್ತಾರೆ.